ಅಲೆಫ್-1 ಎಂದರೆ ಎಷ್ಟು? ಕಂಟಿನ್ಯುಅಮ್ ಊಹೆ ಮತ್ತು ‘ಸ್ವತಂತ್ರ’ ಎಂಬ ಮಾತಿನ ಅರ್ಥ

ಅನಂತದ ಬಗ್ಗೆ ಬರುವ ಜನಪ್ರಿಯ ಲೇಖನಗಳಲ್ಲಿ, ವಿಡಿಯೊಗಳಲ್ಲಿ ಒಂದು ವಾಕ್ಯ ಪದೇ ಪದೇ ಸಿಗುತ್ತದೆ: “ಎಣಿಕೆಯ ಸಂಖ್ಯೆಗಳ ಅನಂತ ಅಲೆಫ್-0, ವಾಸ್ತವ ಸಂಖ್ಯೆಗಳ ಅನಂತ ಅಲೆಫ್-1.” ಮೊದಲರ್ಧ ಬರೀ ಹೆಸರಿಡುವ ಮಾತು, ಅದರಲ್ಲಿ ತಕರಾರಿಲ್ಲ. ಎರಡನೆಯ ಅರ್ಧ ಮಾತ್ರ ಸಾಕ್ಷಾತ್ ಕಂಟಿನ್ಯುಅಮ್ ಊಹೆ. 1878ರಲ್ಲಿ ಗಿಯೋರ್ಗ್ ಕ್ಯಾಂಟರ್ ಮುಂದಿಟ್ಟ ಈ ಊಹೆಯನ್ನು ಗಣಸಿದ್ಧಾಂತದ ರೂಢಿಯ ಸ್ವಯಂಸಿದ್ಧಗಳಿಂದ ಸಾಧಿಸಲು ಬರುವುದಿಲ್ಲ ಎಂದು 1963ರಲ್ಲಿ ಖಚಿತವಾಯಿತು. ಬರೆದವರು ಅದನ್ನು ಎಲ್ಲರೂ ಒಪ್ಪಿದ ಸಂಗತಿಯಂತೆ ಹೇಳಿ ಮುಂದೆ ಹೋಗಿರುತ್ತಾರೆ.

ಇನ್ನೊಂದು ವಾಕ್ಯವೂ ಚಲಾವಣೆಯಲ್ಲಿದೆ: “ಕಂಟಿನ್ಯುಅಮ್ ಊಹೆಯನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು.” ಇದು ತಪ್ಪಲ್ಲ, ಅರ್ಧ ಹೇಳಿ ನಿಲ್ಲಿಸಿದ ಮಾತು. ಯಾವುದರಿಂದ ಸಾಧಿಸಲಾಗದು ಎಂಬುದನ್ನು ಬಿಟ್ಟುಬಿಟ್ಟರೆ ಇದು ಮನುಷ್ಯನ ಬುದ್ಧಿಯ ಮಿತಿಯ ಬಗೆಗಿನ ವೇದಾಂತದಂತೆ ಕೇಳಿಸುತ್ತದೆ. ನಿಜದಲ್ಲಿ ಇದು ಒಂದು ನಿರ್ದಿಷ್ಟ ಸ್ವಯಂಸಿದ್ಧಗಳ ಪಟ್ಟಿಯ ಬಗೆಗಿನ ಪ್ರಮೇಯ. ಅದಕ್ಕೆ ಎರಡು ಭಾಗಗಳ ಸಾಧನೆಯೂ ಇದೆ.

ಮೊದಲು ಗಾತ್ರದ ಮಾತು. ಮದುವೆಯ ಪಂಕ್ತಿಯಲ್ಲಿ ಹಾಕಿದ ಎಲೆಗೊಬ್ಬರಂತೆ ಜನ ಕೂತು, ಎಲೆಯೂ ಉಳಿಯದೆ ಜನರೂ ಉಳಿಯದೆ ಹೋದರೆ, ಎರಡನ್ನೂ ಎಣಿಸದೆಯೇ ಸಮವೆಂದು ಹೇಳಬಹುದು. ಕ್ಯಾಂಟರ್ ಇದೇ ಅಳತೆಯನ್ನು ಅನಂತ ಗಣಗಳಿಗೂ ಹಿಡಿದ. ಎರಡು ಗಣಗಳ ಸದಸ್ಯರನ್ನು ಒಂದಕ್ಕೊಂದು ಜೋಡಿಸಿ ಯಾವ ಕಡೆಯೂ ಯಾರೂ ಉಳಿಯದಂತೆ ಮಾಡಬಹುದಾದರೆ ಎರಡರ ಗಾತ್ರವೂ ಒಂದೇ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸಿದರೆ ಸ್ವಾಭಾವಿಕ ಸಂಖ್ಯೆಗಳೂ ಸಮಸಂಖ್ಯೆಗಳೂ ಸಮ. ಭಿನ್ನರಾಶಿಗಳನ್ನು ಕೂಡ ಅಂಶ ಮತ್ತು ಛೇದಗಳ ಮೊತ್ತದ ಪ್ರಕಾರ ಸಾಲಾಗಿ ನಿಲ್ಲಿಸಬಹುದು. ಹೀಗೆ ಒಂದನೆಯದು, ಎರಡನೆಯದು ಎಂದು ಪಟ್ಟಿ ಮಾಡಬಹುದಾದ ಅನಂತ ಗಣದ ಗಾತ್ರವೇ ಅಲೆಫ್-0. ಇಂಥ ಗಣವನ್ನು ಎಣಿಸಬಲ್ಲ ಗಣ ಎನ್ನೋಣ.

ವಾಸ್ತವ ಸಂಖ್ಯೆಗಳು ಈ ಪಟ್ಟಿಗೆ ಸಿಗುವುದಿಲ್ಲ. ಕ್ಯಾಂಟರ್ ಇದನ್ನು ಮೊದಲು ಸಾಧಿಸಿದ್ದು 1874ರಲ್ಲಿ, ಇವತ್ತು ಎಲ್ಲರೂ ಹೇಳುವ ಕರ್ಣದ ವಾದವನ್ನು ಕೊಟ್ಟಿದ್ದು 1891ರಲ್ಲಿ. ಸಂಖ್ಯಾರೇಖೆಯ ಬದಲು 0 ಮತ್ತು 1ರ ಅನಂತ ಸಾಲುಗಳನ್ನು ತೆಗೆದುಕೊಳ್ಳೋಣ, ಗಾತ್ರದಲ್ಲಿ ಎರಡೂ ಒಂದೇ. ಇಂಥ ಎಲ್ಲ ಸಾಲುಗಳ ಪಟ್ಟಿ ತಮ್ಮ ಬಳಿ ಇದೆ ಎಂದು ಯಾರೋ ತಂದುಕೊಟ್ಟರು ಎಂದುಕೊಳ್ಳಿ:

```
1:  [0] 1  0  1 …
2:   1 [1] 1  1 …
3:   0  0 [1] 0 …
4:   1  0  0 [0] …
```

ಕರ್ಣದಲ್ಲಿರುವುದು 0, 1, 1, 0. ಪ್ರತಿಯೊಂದನ್ನೂ ತಿರುಗಿಸಿದರೆ 1, 0, 0, 1 ಎಂದು ಶುರುವಾಗುವ ಹೊಸ ಸಾಲು ಸಿಗುತ್ತದೆ. ಇದು ಮೊದಲ ಸಾಲಿನಿಂದ ಮೊದಲ ಜಾಗದಲ್ಲಿ, ಎರಡನೆಯದರಿಂದ ಎರಡನೆಯ ಜಾಗದಲ್ಲಿ, ಹೀಗೆ ಪಟ್ಟಿಯ ಪ್ರತಿ ಸಾಲಿನಿಂದಲೂ ಒಂದಲ್ಲ ಒಂದು ಕಡೆ ಬೇರೆಯಾಗಿದೆ. ಹಾಗಾಗಿ ಅದು ಪಟ್ಟಿಯಲ್ಲಿಲ್ಲ. ಸಂಖ್ಯಾರೇಖೆಯ ಈ ದೊಡ್ಡ ಗಾತ್ರಕ್ಕೆ ಕಂಟಿನ್ಯುಅಮ್ ಎಂದು ಹೆಸರು.

ಹಾಗಾದರೆ ಅಲೆಫ್-1 ಯಾವುದು? ಅಲೆಫ್-0ಕ್ಕಿಂತ ದೊಡ್ಡದಾದ ಗಾತ್ರಗಳಲ್ಲಿ ತೀರ ಮೊದಲನೆಯದು, ಅಷ್ಟೇ. ಅದನ್ನು ಕಟ್ಟುವ ದಾರಿಯೇ ಬೇರೆ. ಸ್ವಾಭಾವಿಕ ಸಂಖ್ಯೆಗಳನ್ನು ಸಾಲು ನಿಲ್ಲಿಸಲು ಹಲವು ಬಗೆಗಳಿವೆ. ಬೆಸಗಳೆಲ್ಲ ಮುಗಿದ ಮೇಲೆ ಸಮಗಳು ಎಂದು 1, 3, 5, … 2, 4, 6, … ಎಂದು ನಿಲ್ಲಿಸಬಹುದು. 3ರ ಅಪವರ್ತ್ಯಗಳನ್ನು ಎಲ್ಲಕ್ಕಿಂತ ಕೊನೆಗೆ ತಳ್ಳಬಹುದು. ಒಂದೇ ನಿಯಮ: ಯಾವ ಗುಂಪನ್ನು ಎತ್ತಿಕೊಂಡರೂ ಅದರಲ್ಲಿ ಸಾಲಿನ ಪ್ರಕಾರ ಮೊದಲನೆಯವನೊಬ್ಬ ಇರಲೇಬೇಕು. ಇಂಥ ಸಾಲುಗಳ ಎಲ್ಲ ಬಗೆಗಳನ್ನೂ ಒಟ್ಟು ಹಾಕಿದರೆ ಬರುವ ಗಣದ ಗಾತ್ರ ಅಲೆಫ್-1. ಅದಾದ ಮೇಲೆ ಬರುವ ಗಾತ್ರ ಅಲೆಫ್-2, ಹೀಗೆ ಮುಂದಕ್ಕೆ.

ಈಗ ನಮ್ಮ ಕೈಯಲ್ಲಿ ಎರಡು ದೊಡ್ಡ ಅನಂತಗಳಿವೆ. ಒಂದು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದದ್ದು, ಇನ್ನೊಂದು ಸಂಖ್ಯಾರೇಖೆಯಾಗಿ ಒಮ್ಮೆಲೇ ಸಿಕ್ಕಿದ್ದು. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದಲ್ಲ ಎಂದಷ್ಟೇ ಸಾಧನೆಯಿದೆ. ಎರಡೂ ಒಂದೇ ಎಂಬುದು ಕಂಟಿನ್ಯುಅಮ್ ಊಹೆ. ಅಲೆಫ್‌ಗಳನ್ನು ಬಿಟ್ಟು ಹೇಳುವುದಾದರೆ: ಸಂಖ್ಯಾರೇಖೆಯಿಂದ ಯಾವ ಅನಂತ ಗುಂಪಿನ ಬಿಂದುಗಳನ್ನು ಆರಿಸಿದರೂ, ಆ ಗುಂಪು ಸ್ವಾಭಾವಿಕ ಸಂಖ್ಯೆಗಳಷ್ಟಿರುತ್ತದೆ, ಇಲ್ಲವೇ ಇಡೀ ರೇಖೆಯಷ್ಟಿರುತ್ತದೆ. ನಡುವಿನ ಗಾತ್ರ ಇಲ್ಲ.

ಇದು ನಂಬುವಂಥ ಮಾತೇ. ನಡುವಿನ ಗಾತ್ರದ ಗುಂಪೊಂದನ್ನು ಹುಡುಕಲು ಹೊರಟವರಿಗೆ ಅದು ಯಾಕೆಂದು ಬೇಗ ತಿಳಿಯುತ್ತದೆ. 0ಯಿಂದ 1ರವರೆಗಿನ ಗೆರೆಯ ನಡುವಿನ ಮೂರನೇ ಒಂದು ಭಾಗವನ್ನು ತೆಗೆದುಹಾಕಿ. ಉಳಿದ ಎರಡು ತುಂಡುಗಳಿಂದಲೂ ನಡುವಿನ ಮೂರನೇ ಒಂದನ್ನು ತೆಗೆಯಿರಿ, ಹೀಗೇ ಮುಂದುವರಿಸಿ. ತೆಗೆದದ್ದರ ಒಟ್ಟು ಉದ್ದ 1/3 + 2/9 + 4/27 + … = 1, ಅಂದರೆ ಪೂರ್ತಿ ಗೆರೆ. ಉಳಿದದ್ದರ ಉದ್ದ ಸೊನ್ನೆ. ಆದರೆ ಉಳಿದ ಬಿಂದುಗಳನ್ನು ಮೂರರ ಆಧಾರದಲ್ಲಿ ಬರೆದರೆ ಅವು 0 ಮತ್ತು 2 ಅಂಕಿಗಳಲ್ಲೇ ಬರೆಯಬಹುದಾದ ಸಂಖ್ಯೆಗಳು. 2 ಇದ್ದಲ್ಲೆಲ್ಲ 1 ಎಂದು ತಿದ್ದಿದರೆ ಕರ್ಣದ ವಾದದ ಅದೇ 0-1 ಸಾಲುಗಳು. ಪೂರ್ತಿ ಸವೆದುಹೋದಂತೆ ಕಾಣುವ ಧೂಳಿನಲ್ಲಿ ಇಡೀ ರೇಖೆಯಷ್ಟೇ ಬಿಂದುಗಳು ಉಳಿದಿವೆ.

ಇದು ಒಂದು ಉದಾಹರಣೆಯ ವಿಚಿತ್ರವಲ್ಲ. ತಮ್ಮ ಸೀಮಾಬಿಂದುಗಳನ್ನೆಲ್ಲ ಒಳಗೊಂಡ ಗುಂಪುಗಳಿಗೆ ಊಹೆ ನಿಜವೆಂದು ಕ್ಯಾಂಟರನೇ ತೋರಿಸಿದ. 1916ರಲ್ಲಿ ಹೌಸ್‌ಡಾರ್ಫ್ ಮತ್ತು ಅಲೆಕ್ಸಾಂಡ್ರೋವ್ ಬೇರೆ ಬೇರೆಯಾಗಿ ಇದನ್ನು ಬೋರೆಲ್ ಗುಂಪುಗಳಿಗೆಲ್ಲ ವಿಸ್ತರಿಸಿದರು. ಗೆರೆಯ ತುಂಡುಗಳಿಂದ ಶುರುಮಾಡಿ, ಒಂದೊಂದು ಹಂತದಲ್ಲಿ ಎಣಿಸಬಲ್ಲಷ್ಟನ್ನು ಕೂಡಿಸುತ್ತ, ಉಳಿದದ್ದನ್ನು ತೆಗೆದುಕೊಳ್ಳುತ್ತ ಹೋದರೆ ಸಿಗುವಂಥವು ಇವು. ಕಲನಶಾಸ್ತ್ರದ ದಿನನಿತ್ಯದ ಕೆಲಸದಲ್ಲಿ ಎದುರಾಗುವ ಗುಂಪುಗಳು ಬಹುಮಟ್ಟಿಗೆ ಇವೇ. ಆದರೆ ರೇಖೆಯ ಉಪಗಣಗಳ ಒಟ್ಟು ಲೆಕ್ಕದಲ್ಲಿ ಬೋರೆಲ್ ಗುಂಪುಗಳು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ನಡುವಿನ ಗಾತ್ರದ್ದು ಇದ್ದರೆ ಅದು ನಮ್ಮ ಪೆನ್ನಿಗೆ ಸುಲಭವಾಗಿ ಸಿಗದ ಕಡೆ ಅಡಗಿರಬೇಕು. 1900ರಲ್ಲಿ ಪ್ಯಾರಿಸ್‌ನಲ್ಲಿ ಹಿಲ್ಬರ್ಟ್ ಮುಂದಿಟ್ಟು, ಮುಂದೆ 23 ಎಂದು ಪ್ರಸಿದ್ಧವಾದ ಸಮಸ್ಯೆಗಳ ಪಟ್ಟಿಯಲ್ಲಿ ಮೊದಲನೆಯದೇ ಈ ಪ್ರಶ್ನೆ.

‘ಯಾವುದರಿಂದ ಸಾಧಿಸಬೇಕು’ ಎಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. 1908ರಲ್ಲಿ ಝರ್ಮೆಲೊ ಗಣಗಳಿಗೆ ಸ್ವಯಂಸಿದ್ಧಗಳ ಪಟ್ಟಿಯೊಂದನ್ನು ಕೊಟ್ಟ. ಫ್ರೆಂಕೆಲ್, ಸ್ಕೋಲೆಮ್ ಮೊದಲಾದವರ ತಿದ್ದುಪಡಿಗಳ ನಂತರ, ಆಯ್ಕೆಯ ಸ್ವಯಂಸಿದ್ಧವನ್ನೂ ಸೇರಿಸಿ, ಅದು ಝಡ್‌ಎಫ್‌ಸಿ ಎಂಬ ಹೆಸರಿನಲ್ಲಿ ನಿಂತಿದೆ. ಸದಸ್ಯರು ಒಂದೇ ಆದರೆ ಗಣವೂ ಒಂದೇ, ಎರಡು ಗಣಗಳಿದ್ದರೆ ಎರಡನ್ನೂ ಒಳಗೊಂಡ ಗಣವಿದೆ, ಅನಂತ ಗಣವೊಂದಿದೆ ಎಂಬಂಥ ಮಾತುಗಳು ಅದರಲ್ಲಿವೆ. ನಮ್ಮ ಕಥೆಗೆ ಮುಖ್ಯವಾದದ್ದು ಘಾತಗಣದ ಸ್ವಯಂಸಿದ್ಧ: ಯಾವ ಗಣಕ್ಕಾದರೂ ಅದರ ಎಲ್ಲ ಉಪಗಣಗಳನ್ನು ಒಟ್ಟುಹಾಕಿದ ಗಣ ಇದೆ. ಒಂದೊಂದು 0-1 ಸಾಲೂ ಸ್ವಾಭಾವಿಕ ಸಂಖ್ಯೆಗಳ ಒಂದೊಂದು ಉಪಗಣವಾದ್ದರಿಂದ, ಕಂಟಿನ್ಯುಅಮ್ ಎಂದರೆ ಈ ಘಾತಗಣದ ಗಾತ್ರವೇ. ಸ್ವಯಂಸಿದ್ಧ ‘ಎಲ್ಲ’ ಎನ್ನುತ್ತದೆ. ಆ ‘ಎಲ್ಲ’ದೊಳಗೆ ಎಷ್ಟು ಬಂತು ಎಂದು ಮಾತ್ರ ಬಾಯಿಬಿಡುವುದಿಲ್ಲ. ಎಲ್ಲ ಗೊಂದಲದ ಮೂಲ ಇಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಸ್ವಾತಂತ್ರ್ಯ ಎಂದರೇನು ಎಂಬುದನ್ನು ಮೊದಲು ಚಿಕ್ಕ ಜಾಗದಲ್ಲಿ ನೋಡೋಣ. ಗ್ರೂಪ್‌ಗಳ ಸ್ವಯಂಸಿದ್ಧಗಳು ಮೂರೇ ಮೂರು: ಕ್ರಿಯೆ ಸಹವರ್ತನೀಯ, ಏನನ್ನೂ ಬದಲಿಸದ ಒಂದು ಅಂಶ ಇದೆ, ಪ್ರತಿಯೊಂದಕ್ಕೂ ವಿಲೋಮ ಇದೆ. ಇವುಗಳಿಂದ ‘ಕ್ರಮ ಬದಲಿಸಿದರೂ ಫಲ ಒಂದೇ’ ಎಂದು ಸಾಧಿಸಬಹುದೇ? ಶೆಲ್ಫಿನ ಮೇಲೆ ಲೋಟ, ತಟ್ಟೆ, ಚಮಚ ಎಂದು ಸಾಲಾಗಿ ಇಡಿ. ಮೊದಲೆರಡು ಜಾಗಗಳನ್ನು ಅದಲುಬದಲು ಮಾಡಿ, ಆಮೇಲೆ ಕೊನೆಯೆರಡನ್ನು: ತಟ್ಟೆ, ಚಮಚ, ಲೋಟ. ಮತ್ತೆ ಮೊದಲಿನಂತಿಟ್ಟು, ಮೊದಲು ಕೊನೆಯೆರಡನ್ನು, ಆಮೇಲೆ ಮೊದಲೆರಡನ್ನು ಬದಲಿಸಿ: ಚಮಚ, ಲೋಟ, ತಟ್ಟೆ. ಫಲ ಬೇರೆ. ಈ ಅದಲುಬದಲುಗಳು ಮೂರೂ ಸ್ವಯಂಸಿದ್ಧಗಳನ್ನು ಪಾಲಿಸುತ್ತವೆ, ಹಾಗಾಗಿ ಕ್ರಮವಿನಿಮಯವನ್ನು ಅವುಗಳಿಂದ ಸಾಧಿಸಲು ಬರುವುದಿಲ್ಲ. ಪೂರ್ಣಾಂಕಗಳ ಸಂಕಲನವೂ ಮೂರನ್ನೂ ಪಾಲಿಸುತ್ತದೆ, ಅಲ್ಲಿ ಕ್ರಮವಿನಿಮಯ ನಿಜ. ಹಾಗಾಗಿ ಅದನ್ನು ಅಲ್ಲಗಳೆಯಲೂ ಬರುವುದಿಲ್ಲ. ಸಾಧನೆ ಎಂದರೆ ಸ್ವಯಂಸಿದ್ಧಗಳು ನಿಜವಾದ ಎಲ್ಲ ಕಡೆಯೂ ನಿಜವಾಗಲೇಬೇಕಾದ ಮಾತು. ಎರಡು ಮಾದರಿಗಳನ್ನು ಮುಂದಿಟ್ಟರೆ ಸ್ವಾತಂತ್ರ್ಯ ಸಾಧಿತವಾಯಿತು. ಇದರಲ್ಲಿ ನಿಗೂಢವೇನಿಲ್ಲ.

ಕಂಟಿನ್ಯುಅಮ್ ಊಹೆಗೂ ಇಷ್ಟೇ ಮಾಡಬೇಕು. ಕಷ್ಟವೇನೆಂದರೆ ಇಲ್ಲಿ ಮಾದರಿ ಎಂದರೆ ಝಡ್‌ಎಫ್‌ಸಿಯ ಪ್ರತಿ ಮಾತನ್ನೂ ಪಾಲಿಸುವ ಇಡೀ ಗಣಲೋಕ. ಅಂಥದ್ದನ್ನು ಶೂನ್ಯದಿಂದ ಕಟ್ಟಲು ಬರುವುದಿಲ್ಲ, ಇರುವ ಒಂದರಿಂದ ಇನ್ನೊಂದನ್ನು ಪಡೆಯಬೇಕು. ಆದ್ದರಿಂದ ಇಲ್ಲಿನ ಫಲಿತಾಂಶಗಳೆಲ್ಲ ‘ಝಡ್‌ಎಫ್‌ಸಿಯಲ್ಲಿ ಒಳವಿರೋಧ ಇಲ್ಲದಿದ್ದರೆ’ ಎಂಬ ಷರತ್ತಿನೊಂದಿಗೆ ಬರುತ್ತವೆ. ಒಳವಿರೋಧವಿದ್ದರೆ ಏನನ್ನು ಬೇಕಾದರೂ ಸಾಧಿಸಬಹುದು, ಊಹೆಯನ್ನೂ ಅದರ ನಿಷೇಧವನ್ನೂ.

ಮೊದಲ ಅರ್ಧ ಕುರ್ಟ್ ಗೊಡೆಲ್‌ನದು, 1938ರದ್ದು. ಅವನು ಗಣಲೋಕವನ್ನು ಸಾಧ್ಯವಾದಷ್ಟು ಸೊರಗಿಸಿದ. ಹಂತಹಂತವಾಗಿ ಕಟ್ಟುತ್ತ ಹೋಗಿ, ಪ್ರತಿ ಹಂತದಲ್ಲೂ ಅದುವರೆಗೆ ಇರುವುದನ್ನು ಬಳಸಿ ಸೂತ್ರವೊಂದರಿಂದ ವರ್ಣಿಸಬಹುದಾದ ಉಪಗಣಗಳನ್ನು ಮಾತ್ರ ಒಳಕ್ಕೆ ಬಿಟ್ಟ. ಹೀಗೆ ಸಿಗುವ ಲೋಕ ಝಡ್‌ಎಫ್‌ಸಿಯನ್ನು ಪೂರ್ತಿ ಪಾಲಿಸುತ್ತದೆ. ಅದರಲ್ಲಿ ಪ್ರತಿಯೊಂದು ವಾಸ್ತವ ಸಂಖ್ಯೆಯೂ ತನ್ನ ಹಿಂದೆ ಎಣಿಸಬಲ್ಲಷ್ಟೇ ಹಂತಗಳಿರುವ ಹಂತವೊಂದರಲ್ಲಿ ಹುಟ್ಟುತ್ತದೆ ಎಂದು ಅವನು ತೋರಿಸಿದ. ಇದೇ ಸಾಧನೆಯ ಕಠಿಣ ಭಾಗ. ಉಳಿದದ್ದು ಗುಣಾಕಾರ. ಅಂಥ ಹಂತಗಳು ಒಟ್ಟು ಅಲೆಫ್-1, ಒಂದೊಂದರಲ್ಲೂ ಇರುವುದು ಎಣಿಸಬಲ್ಲಷ್ಟು ಸೂತ್ರಗಳು, ಎಣಿಸಬಲ್ಲಷ್ಟು ಗಣಗಳು. ಹಾಗಾಗಿ ವಾಸ್ತವ ಸಂಖ್ಯೆಗಳು ಅಲೆಫ್-1ಕ್ಕಿಂತ ಹೆಚ್ಚಾಗಲು ಬರುವುದಿಲ್ಲ. ಈ ಲೋಕದಲ್ಲಿ ಊಹೆ ನಿಜ, ಆದ್ದರಿಂದ ಝಡ್‌ಎಫ್‌ಸಿ ಅದನ್ನು ಅಲ್ಲಗಳೆಯಲಾರದು.

ಎರಡನೆಯ ಅರ್ಧಕ್ಕೆ 25 ವರ್ಷ ಬೇಕಾಯಿತು. ಊಹೆ ಸುಳ್ಳಾಗುವ ಲೋಕ ಬೇಕೆಂದರೆ ಸೊರಗಿಸುವುದು ಕೆಲಸಕ್ಕೆ ಬಾರದು, ಹೊಸ ವಾಸ್ತವ ಸಂಖ್ಯೆಗಳನ್ನು ತಂದು ತುಂಬಬೇಕು. ಆದರೆ ಲೋಕದಲ್ಲಿ ಎಲ್ಲ ಗಣಗಳೂ ಇರುವಾಗ ಹೊಸದನ್ನು ತರುವುದು ಎಲ್ಲಿಂದ? ಸ್ಟ್ಯಾನ್‌ಫರ್ಡ್‌ನ ಪಾಲ್ ಕೋಹೆನ್ 1963ರಲ್ಲಿ ಕಂಡುಕೊಂಡ ದಾರಿ ಎಣಿಸಬಲ್ಲ ಮಾದರಿಯಿಂದ ಶುರುವಾಗುತ್ತದೆ. ಹೊರಗಿನಿಂದ ನೋಡಿದರೆ ಸದಸ್ಯರನ್ನೆಲ್ಲ ಪಟ್ಟಿ ಮಾಡಬಹುದಾದ, ಒಳಗಿನಿಂದ ಮಾತ್ರ ಝಡ್‌ಎಫ್‌ಸಿಯ ಎಲ್ಲವನ್ನೂ ಪಾಲಿಸುವ ಪುಟ್ಟ ಲೋಕ ಅದು. ಅದನ್ನು ಎಮ್ ಎನ್ನೋಣ. ಎಮ್ ತನ್ನ ಅಲೆಫ್-1 ಎಣಿಸಲಾಗದ್ದು ಎಂದು ನಂಬುತ್ತದೆ, ಏಕೆಂದರೆ ಅದನ್ನು ಎಣಿಸಿ ಮುಗಿಸುವ ಪಟ್ಟಿ ಎಮ್‌ನ ಒಳಗಿಲ್ಲ, ಹೊರಗಿದೆ. ಕೇಳಲು ಕಸರತ್ತಿನಂತಿದ್ದರೂ ಇದರಲ್ಲಿ ವಿರೋಧವಿಲ್ಲ. (ಅಂಥ ಎಮ್ ಇದೆಯೆಂದು ನೇರವಾಗಿ ಸಾಧಿಸಲು ಬರುವುದಿಲ್ಲ ಎಂಬ ತಾಂತ್ರಿಕ ತೊಡಕೊಂದಿದೆ. ಒಂದು ಸಾಧನೆಯಲ್ಲಿ ಬಳಕೆಯಾಗುವ ಸ್ವಯಂಸಿದ್ಧಗಳು ಯಾವಾಗಲೂ ಸೀಮಿತ, ಅಷ್ಟನ್ನು ಪಾಲಿಸುವ ಮಾದರಿ ಸಾಕು ಎಂದು ಅದನ್ನು ದಾಟುತ್ತಾರೆ.)

ಎಮ್‌ನ ಹೊರಗೆ ಬೇಕಾದಷ್ಟು ವಾಸ್ತವ ಸಂಖ್ಯೆಗಳಿವೆ ಎಂದಾಯಿತು. ಹಾಗೆಂದು ಕೈಗೆ ಸಿಕ್ಕಿದ್ದನ್ನು ಎಮ್‌ಗೆ ಸೇರಿಸಿದರೆ ಕೆಡುತ್ತದೆ. ಎಮ್‌ನ ಒಟ್ಟು ಎತ್ತರ ಎಷ್ಟು, ಅಂದರೆ ಅದರ ಹಂತಗಳು ಎಲ್ಲಿಯವರೆಗೆ ಹೋಗುತ್ತವೆ ಎಂಬ ಗುಟ್ಟನ್ನೇ ತನ್ನ 0-1 ಅಂಕಿಗಳಲ್ಲಿ ಬರೆದಿಟ್ಟುಕೊಂಡ ಸಂಖ್ಯೆಯೂ ಹೊರಗೆ ಇದೆ. ಅದು ಒಳಗೆ ಬಂದರೆ ಸ್ವಯಂಸಿದ್ಧಗಳು ಆ ಗುಟ್ಟನ್ನು ಬಿಡಿಸಿ, ಎತ್ತರವನ್ನೇ ಒಂದು ಗಣವಾಗಿ ಒಳಗೆ ತರಬೇಕೆನ್ನುತ್ತವೆ. ಆದರೆ ಎತ್ತರವನ್ನು ಹೆಚ್ಚಿಸದೆ ತನ್ನ ಎತ್ತರವನ್ನೇ ಒಳಗಿಟ್ಟುಕೊಳ್ಳುವುದು ಯಾವ ಲೋಕಕ್ಕೂ ಆಗದು. ಅಂದರೆ ತರಬೇಕಾದದ್ದು ಯಾವ ಗುಟ್ಟನ್ನೂ ಹೊತ್ತಿರದ, ಯಾವ ವಿಶೇಷ ಗುಣವೂ ಇಲ್ಲದ ಸಂಖ್ಯೆಗಳನ್ನು.

ಕೋಹೆನ್ ಅವನ್ನು ಹೀಗೆ ತಯಾರಿಸುತ್ತಾನೆ. ದೊಡ್ಡ ಕೋಷ್ಟಕವೊಂದನ್ನು ಊಹಿಸಿ. ಅದರ ಸಾಲುಗಳು ಎಮ್‌ನ ಅಲೆಫ್-2ರಷ್ಟು, ಕಂಬಗಳು ಸ್ವಾಭಾವಿಕ ಸಂಖ್ಯೆಗಳಷ್ಟು, ಒಂದೊಂದು ಮನೆಯಲ್ಲೂ 0 ಅಥವಾ 1. ಪೂರ್ತಿ ತುಂಬಿದ ಕೋಷ್ಟಕ ಎಮ್‌ಗೆ ಸಿಗದು. ಸೀಮಿತ ಸಂಖ್ಯೆಯ ಮನೆಗಳನ್ನಷ್ಟೇ ತುಂಬಿದ ಚೀಟಿಗಳು ಮಾತ್ರ ಅದರ ಬಳಿ ಇರುತ್ತವೆ. ಉದಾಹರಣೆಗೆ ‘5ನೇ ಸಾಲಿನ 0ನೇ ಮನೆ 1, 5ನೇ ಸಾಲಿನ 3ನೇ ಮನೆ 0, 9ನೇ ಸಾಲಿನ 3ನೇ ಮನೆ 0’ ಎಂಬುದು ಒಂದು ಚೀಟಿ. ಅದೇ ಚೀಟಿಗೆ ಇನ್ನಷ್ಟು ಮನೆಗಳನ್ನು ಸೇರಿಸಿದರೆ ಅದರ ವಿಸ್ತರಣೆ.

5ನೇ ಮತ್ತು 9ನೇ ಸಾಲುಗಳು ಕೊನೆಗೆ ಬೇರೆ ಬೇರೆ ಆಗಿರಬೇಕು ಎಂಬುದು ಒಂದು ಬೇಡಿಕೆ. ಮೇಲಿನ ಚೀಟಿಯಲ್ಲಿ ಅದಿನ್ನೂ ತೀರ್ಮಾನವಾಗಿಲ್ಲ, ಆದರೆ ಖಾಲಿ ಇರುವ 4ನೇ ಕಂಬದಲ್ಲಿ ಒಂದಕ್ಕೆ 0, ಇನ್ನೊಂದಕ್ಕೆ 1 ಬರೆದರೆ ಆಗಿಹೋಗುತ್ತದೆ. ಚೀಟಿ ಎಷ್ಟೇ ದೊಡ್ಡದಾದರೂ ಸೀಮಿತವಾದ್ದರಿಂದ ಖಾಲಿ ಕಂಬ ಸಿಕ್ಕೇ ಸಿಗುತ್ತದೆ. ‘5ನೇ ಸಾಲು ಎಮ್‌ನಲ್ಲಿ ಈಗಾಗಲೇ ಇರುವ ಇಂಥ ವಾಸ್ತವ ಸಂಖ್ಯೆಯಾಗಿರಬಾರದು’ ಎಂಬ ಬೇಡಿಕೆಯೂ ಹಾಗೆಯೇ: ಯಾವುದಾದರೂ ಖಾಲಿ ಮನೆಯಲ್ಲಿ ಅದಕ್ಕೆ ಉಲ್ಟಾ ಬರೆದರಾಯಿತು. ಹೀಗೆ, ಯಾವ ಚೀಟಿಯನ್ನು ಕೊಟ್ಟರೂ ವಿಸ್ತರಿಸಿ ಈಡೇರಿಸಬಹುದಾದ ಬೇಡಿಕೆಗಳು ಎಮ್‌ನಲ್ಲಿ ಎಷ್ಟೋ ಇವೆ. ಎಮ್ ಹೊರಗಿನಿಂದ ಎಣಿಸಬಲ್ಲದ್ದಾದ್ದರಿಂದ ಅವನ್ನೆಲ್ಲ ಪಟ್ಟಿ ಮಾಡಿ, ಒಂದಾದ ಮೇಲೆ ಒಂದರಂತೆ ಈಡೇರಿಸುತ್ತ ಚೀಟಿಯನ್ನು ಬೆಳೆಸಬಹುದು. ಕೊನೆಗೆ ಸಿಗುವ ಪೂರ್ಣ ಕೋಷ್ಟಕವನ್ನು ಎಮ್‌ಗೆ ಸೇರಿಸಿದಾಗ ಬರುವ ಹೊಸ ಲೋಕದಲ್ಲಿ ನಿಜವಾದ ಪ್ರತಿ ಮಾತನ್ನೂ ಯಾವುದೋ ಒಂದು ಸೀಮಿತ ಚೀಟಿ ಮೊದಲೇ ಬಲವಂತಪಡಿಸಿರುತ್ತದೆ, ಮತ್ತು ಯಾವ ಚೀಟಿ ಯಾವ ಮಾತನ್ನು ಬಲವಂತಪಡಿಸುತ್ತದೆ ಎಂಬುದನ್ನು ಎಮ್ ತನ್ನೊಳಗೇ ಲೆಕ್ಕ ಹಾಕಬಲ್ಲದು. ಈ ವಿಧಾನಕ್ಕೆ ಫೋರ್ಸಿಂಗ್ ಎಂಬ ಹೆಸರು ಬಂದದ್ದು ಹೀಗೆ. ಹೊಸ ಲೋಕ ಝಡ್‌ಎಫ್‌ಸಿಯನ್ನು ಪಾಲಿಸುತ್ತದೆ ಎಂಬುದಕ್ಕೂ ಇದೇ ಆಧಾರ.

ಇಷ್ಟಕ್ಕೇ ಗೆದ್ದೆವು ಎನ್ನುವಂತಿಲ್ಲ. ಅಲೆಫ್-2ರಷ್ಟು ಹೊಸ ಸಂಖ್ಯೆಗಳನ್ನು ಸೇರಿಸಿದೆವು, ಸರಿ. ಆದರೆ ಎಮ್‌ನ ಅಲೆಫ್-2 ಹೊಸ ಲೋಕದಲ್ಲೂ ಅಲೆಫ್-2 ಆಗಿಯೇ ಉಳಿದಿದೆಯೇ? ಹೊಸ ಗಣಗಳ ಜೊತೆ ಹೊಸ ಜೋಡಣೆಗಳೂ ಬಂದಿರಬಹುದು. ಚೀಟಿಗಳನ್ನು ಬೇರೆ ರೀತಿ ಮಾಡಿದ್ದರೆ ಇದು ಕೈಕೊಡುತ್ತಿತ್ತು. ಒಂದೇ ಸಾಲಿನ ಕೋಷ್ಟಕದ ಮನೆಗಳಲ್ಲಿ 0-1ರ ಬದಲು ಅಲೆಫ್-1ರ ಸದಸ್ಯರನ್ನು ಬರೆಯುವ ಚೀಟಿಗಳನ್ನು ತೆಗೆದುಕೊಳ್ಳಿ. ‘ಈ ಸದಸ್ಯ ಎಲ್ಲಾದರೂ ಬರಲೇಬೇಕು’ ಎಂಬ ಬೇಡಿಕೆಯನ್ನು ಯಾವಾಗಲೂ ಈಡೇರಿಸಬಹುದು, ಹಾಗಾಗಿ ಪೂರ್ಣ ಸಾಲು ಎಂದರೆ ಎಮ್‌ನ ಅಲೆಫ್-1ರ ಎಲ್ಲ ಸದಸ್ಯರ ಪಟ್ಟಿಯೇ. ಅದು ಒಳಗೆ ಬಂದ ಕ್ಷಣ ಹಳೆಯ ಅಲೆಫ್-1 ಎಣಿಸಬಲ್ಲದ್ದಾಗುತ್ತದೆ, ಹಳೆಯ ಅಲೆಫ್-2 ಹೊಸ ಅಲೆಫ್-1ರ ಜಾಗಕ್ಕೆ ಇಳಿಯುತ್ತದೆ. ಇಂಥ ಕುಸಿತವಾದರೆ ಊಹೆ ಸುಳ್ಳಾಯಿತೆಂದು ಹೇಳಲು ಏನೂ ಉಳಿಯುವುದಿಲ್ಲ.

0-1 ಚೀಟಿಗಳಲ್ಲಿ ಕುಸಿತವಾಗದಿರುವುದಕ್ಕೆ ಕಾರಣ ಒಂದು ಎಣಿಕೆ. ಒಂದೇ ಮನೆಗೆ ಬೇರೆ ಬೇರೆ ಅಂಕಿ ಹೇಳುವ ಎರಡು ಚೀಟಿಗಳಿಗೆ ತಮ್ಮಲ್ಲಿ ಹೊಂದಿಕೆಯಿಲ್ಲ. ಪರಸ್ಪರ ಯಾವುದಕ್ಕೂ ಯಾವುದೂ ಹೊಂದದ ಚೀಟಿಗಳನ್ನು ಎಷ್ಟೇ ಕೂಡಿಹಾಕಿದರೂ ಅವು ಎಣಿಸಬಲ್ಲ ಗಡಿಯನ್ನು ದಾಟುವುದಿಲ್ಲ ಎಂದು ಸಾಧಿಸಬಹುದು. ಈಗ ಹೊಸ ಲೋಕದಲ್ಲಿ ಯಾರೋ ಅಲೆಫ್-1ರ ಸದಸ್ಯರನ್ನೆಲ್ಲ ಪಟ್ಟಿ ಮಾಡಿದೆ ಎನ್ನುತ್ತಾರೆ ಎಂದುಕೊಳ್ಳಿ. ಆ ಪಟ್ಟಿಯ ಮೊದಲ ಜಾಗದಲ್ಲಿ ಯಾರಿರಬಹುದು ಎಂದು ಎಮ್ ತನ್ನ ಚೀಟಿಗಳನ್ನು ನೋಡಿ ಹೇಳಬಲ್ಲದು. ಬೇರೆ ಬೇರೆ ಉತ್ತರಗಳನ್ನು ಬಲವಂತಪಡಿಸುವ ಚೀಟಿಗಳು ಪರಸ್ಪರ ಹೊಂದದಂಥವು, ಹಾಗಾಗಿ ಅಭ್ಯರ್ಥಿಗಳು ಎಣಿಸಬಲ್ಲಷ್ಟೇ. ಎರಡನೆಯ ಜಾಗಕ್ಕೂ ಅಷ್ಟೇ, ಮೂರನೆಯದಕ್ಕೂ ಅಷ್ಟೇ. ಎಲ್ಲ ಜಾಗಗಳ ಅಭ್ಯರ್ಥಿಗಳನ್ನು ಒಟ್ಟುಹಾಕಿದರೂ ಎಮ್‌ನ ಲೆಕ್ಕದಲ್ಲೇ ಎಣಿಸಬಲ್ಲ ಗುಂಪು. ಅದು ಎಮ್‌ನ ಅಲೆಫ್-1 ಅನ್ನು ಮುಚ್ಚಲಾರದು, ಆ ಪಟ್ಟಿ ಸುಳ್ಳು. ಅಲೆಫ್-2ಕ್ಕೂ ಇದೇ ವಾದ. ಗಾತ್ರಗಳು ಕದಲಲಿಲ್ಲ, ವಾಸ್ತವ ಸಂಖ್ಯೆಗಳು ಕನಿಷ್ಠ ಅಲೆಫ್-2ರಷ್ಟಾದವು, ಅಲೆಫ್-1 ನಡುವಿನ ಗಾತ್ರವಾಗಿ ಎದ್ದು ನಿಂತಿತು. ಈ ಲೋಕದಲ್ಲಿ ಊಹೆ ಸುಳ್ಳು. ಕೋಹೆನ್‌ಗೆ 1966ರಲ್ಲಿ ಫೀಲ್ಡ್ಸ್ ಪದಕ ಬಂತು.

ಸಾಲುಗಳನ್ನು ಅಲೆಫ್-17ರಷ್ಟು ಇಟ್ಟರೆ ಕಂಟಿನ್ಯುಅಮ್ ಅಷ್ಟರವರೆಗೂ ಏರುತ್ತದೆ. ಆದರೆ ಎಲ್ಲವೂ ನಡೆಯುತ್ತದೆ ಎಂದಲ್ಲ. ಅಲೆಫ್-0, ಅಲೆಫ್-1, ಅಲೆಫ್-2 ಎಂದು ಹೋಗುವ ಸರಣಿಯ ಮೇಲ್ತುದಿಯಲ್ಲಿ ಬರುವ ಅಲೆಫ್-ಒಮೆಗಾ ಮಾತ್ರ ಕಂಟಿನ್ಯುಅಮ್‌ನ ಗಾತ್ರವಾಗಲಾರದು. ಎಣಿಸಬಲ್ಲಷ್ಟು ಹೆಜ್ಜೆಗಳಲ್ಲಿ ಕೆಳಗಿನಿಂದ ತಲುಪಬಹುದಾದ ಗಾತ್ರಗಳನ್ನು ಕೋನಿಗ್‌ನ ಪ್ರಮೇಯ ತಳ್ಳಿಹಾಕುತ್ತದೆ. ಝಡ್‌ಎಫ್‌ಸಿ ಪೂರ್ತಿ ಮೂಕವಲ್ಲ.

ಈಗ ‘ಸ್ವತಂತ್ರ’ ಎಂಬುದು ಏನಲ್ಲ ಎಂದು ಹೇಳಬಹುದು. ಅದು ಅರ್ಧಸತ್ಯವಲ್ಲ: ಒಂದೊಂದು ಮಾದರಿಯಲ್ಲೂ ಊಹೆ ನಿಜ ಅಥವಾ ಸುಳ್ಳು, ನಡುವೆ ಇಲ್ಲ. ಗೊಡೆಲ್‌ನ 1931ರ ಅಪೂರ್ಣತಾ ಪ್ರಮೇಯದ ಉದಾಹರಣೆ ಎಂದು ಇದನ್ನು ಹೇಳುವುದೂ ಸಡಿಲ ಮಾತು. ಆ ಪ್ರಮೇಯದಲ್ಲಿ ಬರುವುದು ಸ್ವಾಭಾವಿಕ ಸಂಖ್ಯೆಗಳ ಬಗೆಗಿನ ವಾಕ್ಯ, ಸಾಧನೆಗಳ ಬಗ್ಗೆ ತಾನೇ ಮಾತಾಡುವಂತೆ ಹೆಣೆದದ್ದು. ಕಂಟಿನ್ಯುಅಮ್ ಊಹೆ ಸ್ವಾಭಾವಿಕ ಸಂಖ್ಯೆಗಳನ್ನು ಮುಟ್ಟುವುದೇ ಇಲ್ಲ. ಎಮ್‌ಗೂ ಅದರ ವಿಸ್ತರಣೆಗೂ, ಗೊಡೆಲ್‌ನ ಸೊರಗಿದ ಲೋಕಕ್ಕೂ ಪೂರ್ಣ ಲೋಕಕ್ಕೂ ಸ್ವಾಭಾವಿಕ ಸಂಖ್ಯೆಗಳು ಒಂದೇ. ಆದ್ದರಿಂದ ಯಾರಾದರೂ, 2ಕ್ಕಿಂತ ದೊಡ್ಡ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಎನ್ನುವ ಗೋಲ್ಡ್‌ಬಾಕ್ ಊಹೆಯನ್ನು ಕಂಟಿನ್ಯುಅಮ್ ಊಹೆಯನ್ನು ಬಳಸಿ ಸಾಧಿಸಿದರೆ, ಅದನ್ನು ಬಳಸದೆಯೂ ಸಾಧಿಸಿದಂತೆಯೇ: ಆ ಸಾಧನೆಯನ್ನು ಗೊಡೆಲ್‌ನ ಲೋಕದೊಳಗೆ ನಡೆಸಿ, ಫಲವನ್ನು ಹೊರಕ್ಕೆ ತಂದರಾಯಿತು.

ಝಡ್‌ಎಫ್‌ಸಿಯಿಂದಲೇ ಊಹೆಯನ್ನು ಸಾಧಿಸಿದ್ದೇವೆ ಎಂಬ ಬರಹಗಳು ಈಗಲೂ ಬರುತ್ತವೆ. ಅವನ್ನು ತೂಗಲು ಒಂದೇ ಪ್ರಶ್ನೆ ಸಾಕು: ನಿಮ್ಮ ವಾದ ಕೋಹೆನ್‌ನ ಮಾದರಿಯಲ್ಲಿ ಎಲ್ಲಿ ನಿಲ್ಲುತ್ತದೆ? ಅಲ್ಲಿ ಎಲ್ಲ ಸ್ವಯಂಸಿದ್ಧಗಳೂ ನಿಜ, ಊಹೆ ಮಾತ್ರ ಸುಳ್ಳು. ಹಾಗಾಗಿ ವಾದದ ಯಾವುದೋ ಹೆಜ್ಜೆ ಅಲ್ಲಿ ಮುರಿಯಲೇಬೇಕು. ಸಾಮಾನ್ಯವಾಗಿ ಮುರಿಯುವುದು ‘ಇಂಥ ಗುಂಪನ್ನು ವರ್ಣಿಸಲಾಗದು, ಆದ್ದರಿಂದ ಅದಿಲ್ಲ’ ಎಂಬ ಕಡೆ.

ಊಹೆಯ ಪರಿಣಾಮ ಗ್ರಾಫ್ ಹಾಳೆಯ ಮೇಲೂ ಕಾಣುತ್ತದೆ. ಊಹೆ ನಿಜವಾಗಿದ್ದರೆ ವಾಸ್ತವ ಸಂಖ್ಯೆಗಳನ್ನೆಲ್ಲ ಹೊಸದೊಂದು ಸಾಲಿನಲ್ಲಿ, ಪ್ರತಿಯೊಂದರ ಹಿಂದೆಯೂ ಎಣಿಸಬಲ್ಲಷ್ಟೇ ಇರುವಂತೆ ನಿಲ್ಲಿಸಬಹುದು. ಸಮತಲದ ಬಿಂದು (x, y)ಯಲ್ಲಿ ಆ ಸಾಲಿನ ಪ್ರಕಾರ x ಎಂಬುದು yಗಿಂತ ಹಿಂದಿದ್ದರೆ ಅಥವಾ ಎರಡೂ ಒಂದೇ ಆದರೆ ಕೆಂಪು, ಇಲ್ಲದಿದ್ದರೆ ನೀಲಿ ಹಚ್ಚಿ. ಆಗ ಪ್ರತಿ ಅಡ್ಡಗೆರೆಯ ಮೇಲೂ ಕೆಂಪು ಬಿಂದುಗಳು ಎಣಿಸಬಲ್ಲಷ್ಟೇ, ಪ್ರತಿ ಲಂಬಗೆರೆಯ ಮೇಲೂ ನೀಲಿ ಬಿಂದುಗಳು ಎಣಿಸಬಲ್ಲಷ್ಟೇ. ಅಡ್ಡಲಾಗಿ ನೋಡಿದರೆ ಹಾಳೆ ಬಹುತೇಕ ನೀಲಿ, ಲಂಬವಾಗಿ ನೋಡಿದರೆ ಬಹುತೇಕ ಕೆಂಪು! ಇಂಥ ಬಣ್ಣಗಾರಿಕೆ ಸಾಧ್ಯವಾಗುವುದು ಊಹೆ ನಿಜವಾದಾಗ ಮಾತ್ರ ಎಂದು ಪೋಲೆಂಡ್‌ನ ಸಿಯರ್ಪಿನ್ಸ್ಕಿ 1919ರಲ್ಲಿ ತೋರಿಸಿದ. ಊಹೆ ಸಹಜವಾದದ್ದು ಎನ್ನುವವರು ಈ ಹಾಳೆಯನ್ನೂ ಒಮ್ಮೆ ನೋಡಬೇಕು.

ಗ್ರೂಪ್‌ಗಳ ಹೋಲಿಕೆ ಸೋಲುವುದು ಇಲ್ಲಿಂದ ಮುಂದೆ. ‘ಗ್ರೂಪ್‌ಗಳಲ್ಲಿ ಕ್ರಮವಿನಿಮಯ ನಿಜವೇ’ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಗ್ರೂಪ್‌ಗಳು ಹಲವು. ಗಣಗಳ ಲೋಕ ಮಾತ್ರ ಒಂದೇ, ಝಡ್‌ಎಫ್‌ಸಿ ಅದರ ಅಪೂರ್ಣ ವರ್ಣನೆ ಎಂಬುದು ಗೊಡೆಲ್‌ನ ನಿಲುವಾಗಿತ್ತು. ಹೊಸ ಸ್ವಯಂಸಿದ್ಧಗಳನ್ನು ಹುಡುಕಬೇಕೆಂದು 1947ರಲ್ಲಿ ಬರೆದ ಅವನು, ಮುಂದೊಂದು ದಿನ ಊಹೆ ಸುಳ್ಳೆಂದು ತಿಳಿಯಬಹುದು ಎಂದೂ ಭಾವಿಸಿದ್ದ. ಅವನು ಭರವಸೆಯಿಟ್ಟಿದ್ದ ಅತಿದೊಡ್ಡ ಅನಂತಗಳ ಸ್ವಯಂಸಿದ್ಧಗಳು ಇಲ್ಲಿ ನೆರವಿಗೆ ಬರಲಿಲ್ಲ: ಕೋಹೆನ್‌ನಂಥ ಸಣ್ಣ ಫೋರ್ಸಿಂಗ್ ಆ ಅನಂತಗಳನ್ನು ಕದಲಿಸದೆಯೇ ಊಹೆಯನ್ನು ಅತ್ತಿತ್ತ ತಿರುಗಿಸಬಲ್ಲದು ಎಂದು ಲೆವಿ ಮತ್ತು ಸೊಲೊವೆ 1967ರಲ್ಲಿ ತೋರಿಸಿದರು. ಲೋಕವೇ ಒಂದಲ್ಲ, ಹಲವು, ಊಹೆ ಎಲ್ಲಿ ಹೇಗೆ ವರ್ತಿಸುತ್ತದೆಂದು ನಮಗೆ ಆಗಲೇ ಗೊತ್ತಿದೆ, ಅದೇ ಉತ್ತರ ಎನ್ನುವ ಜೋಯಲ್ ಹ್ಯಾಮ್ಕಿನ್ಸ್ ಅಂಥವರೂ ಇದ್ದಾರೆ.

ಸದ್ಯ ಎರಡು ಪಕ್ಷಗಳು ಎದುರುಬದುರಾಗಿವೆ. ಫೋರ್ಸಿಂಗ್‌ನಿಂದ ತರಬಹುದಾದದ್ದು ಆದಷ್ಟೂ ಈಗಾಗಲೇ ಲೋಕದಲ್ಲಿರಲಿ ಎನ್ನುವ ಮಾರ್ಟಿನ್ಸ್ ಮ್ಯಾಕ್ಸಿಮಮ್ ಎಂಬ ಸ್ವಯಂಸಿದ್ಧದಿಂದ ಕಂಟಿನ್ಯುಅಮ್ ಸರಿಯಾಗಿ ಅಲೆಫ್-2 ಎಂದು ಹೊರಡುತ್ತದೆ. ಹ್ಯೂ ವುಡಿನ್ ಬೇರೆ ದಿಕ್ಕಿನಿಂದ ಕಟ್ಟಿದ ಇನ್ನೊಂದು ಸ್ವಯಂಸಿದ್ಧವೂ ಅಲೆಫ್-2 ಎಂದೇ ಹೇಳುತ್ತಿತ್ತು. ಸಂಬಂಧವಿಲ್ಲದಂತೆ ಕಂಡ ಈ ಎರಡರಲ್ಲಿ, ಮೊದಲನೆಯದರ ಬಲಪಡಿಸಿದ ರೂಪದಿಂದ ಎರಡನೆಯದು ಸಿಗುತ್ತದೆ ಎಂದು ಡೇವಿಡ್ ಅಸ್ಪೆರೊ ಮತ್ತು ರಾಲ್ಫ್ ಶಿಂಡ್ಲರ್ ಸಾಧಿಸಿದ್ದು 2021ರಲ್ಲಿ ಪ್ರಕಟವಾಯಿತು. ಅಲೆಫ್-2ರ ಪಕ್ಷಕ್ಕೆ ಇದು ದೊಡ್ಡ ಬಲ. ಅಷ್ಟರಲ್ಲಿ ವುಡಿನ್ ಮಾತ್ರ ಆ ಪಕ್ಷವನ್ನು ಬಿಟ್ಟಾಗಿತ್ತು. ಗೊಡೆಲ್‌ನ ಸೊರಗಿದ ಲೋಕದ ಮಾದರಿಯಲ್ಲೇ, ಆದರೆ ಅತಿದೊಡ್ಡ ಅನಂತಗಳಿಗೂ ಒಳಗೆ ಜಾಗ ಕೊಡುವಂಥ ‘ಅಲ್ಟಿಮೇಟ್ ಎಲ್’ ಎಂಬ ಲೋಕವನ್ನು ಕಟ್ಟುವ ಯೋಜನೆಯಲ್ಲಿ ಅವರಿದ್ದಾರೆ. ಅದರ ತಳಹದಿಯ ಊಹೆಗಳಿಗೆ ಇನ್ನೂ ಸಾಧನೆಯಿಲ್ಲ. ಆ ಲೋಕದ ಸ್ವಯಂಸಿದ್ಧವನ್ನು ಒಪ್ಪಿದರೆ ಕಂಟಿನ್ಯುಅಮ್ ಅಲೆಫ್-1.